ಮಧ್ಯಾಹ್ನದ ಗೀಟು

ಟೀಚರ್ಸ್ ಟ್ರೈನಿಂಗಿನ ಎರಡನೇ ವರ್ಷದಲ್ಲಿ ನಮ್ಮನ್ನು ಒಂದು ತಿಂಗಳು ಹಳ್ಳಿ ಶಾಲೆಗಳಿಗೆ ಹಾಕುತ್ತಿದ್ದರು. ಪಾಠ ಮಾಡುವುದಷ್ಟೇ ಅಲ್ಲ, ಶಾಲೆಯ ದಾಖಲೆಗಳು, ವೇಳಾಪಟ್ಟಿ, ಶಿಕ್ಷಕರ ಕೆಲಸದ ಹಂಚಿಕೆ, ಊರಿಗೂ ಶಾಲೆಗೂ ಇರುವ ಸಂಬಂಧ, ಇವನ್ನೆಲ್ಲ ನೋಡಿ ವರದಿ ಬರೆಯಬೇಕು. ಕೊನೆ ಪುಟದಲ್ಲಿ ಆ ಶಾಲೆಯ ಹೆಡ್ ಮೇಷ್ಟ್ರ ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ನಮ್ಮ ಉಪನ್ಯಾಸಕರು ಖಡಾಖಂಡಿತವಾಗಿ ಹೇಳಿದ್ದರು. "ಹಳೇ ವರದಿ ನೋಡಿ ಕಾಪಿ ಹೊಡೆದ್ರೆ ನನಗೆ ಗೊತ್ತಾಗುತ್ತೆ. ಕಂಡದ್ದನ್ನ ಬರೀರಿ" ಎಂದೂ ಹೇಳಿದ್ದರು. ಆ ಮಾತು ನನ್ನ ತಲೆಗೇರಿ ಕೂತಿತ್ತು.

ನನಗೆ ಸಿಕ್ಕಿದ್ದು ನ್ಯಾಮತಿಯಿಂದ ಸವಳಂಗದ ಕಡೆಗೆ ಹೋಗುವಾಗ ಬಸ್ಸಿಳಿದು ಒಂದಿಷ್ಟು ನಡೆಯಬೇಕಾದ ಒಂದು ಊರು. ನಾಲ್ಕು ತರಗತಿ, ಇಬ್ಬರೇ ಶಿಕ್ಷಕರು. ಹೆಡ್ ಮೇಷ್ಟ್ರು ಊರಲ್ಲೇ ಇದ್ದು, ಊರಿನ ಅಂಚೆ ಕೆಲಸವನ್ನೂ ನೋಡುತ್ತಿದ್ದರು. ಇನ್ನೊಬ್ಬ ಮೇಷ್ಟ್ರು ಹೊನ್ನಾಳಿಯಿಂದ ದಿನಾ ಬಸ್ಸಲ್ಲಿ ಬಂದುಹೋಗುವವರು. ಮೂರು ಮತ್ತು ನಾಲ್ಕನೇ ತರಗತಿಗಳು ಒಂದೇ ಕೋಣೆಯಲ್ಲಿ, ಒಟ್ಟು ಮೂವತ್ತೊಂದು ಮಕ್ಕಳು. ಅವರನ್ನು ನನಗೆ ವಹಿಸಿದರು.

ಹಾಜರಿ ಪುಸ್ತಕದಲ್ಲಿ ಬೆಳಿಗ್ಗೆ ಬಂದ ಮಗುವಿಗೆ ಒಂದು ಓರೆ ಗೀಟು, ಮಧ್ಯಾಹ್ನ ಬಂದರೆ ಅದರ ಮೇಲೆ ಅಡ್ಡಲಾಗಿ ಇನ್ನೊಂದು. ಮೊದಲ ದಿನವೇ ಹೊನ್ನಾಳಿಯ ಮೇಷ್ಟ್ರು, "ಎರಡೂ ಗೀಟು ಬೆಳಿಗ್ಗೇನೇ ಎಳ್ದುಬಿಡ್ರಿ, ಇಲ್ಲಿ ಹಂಗೇ ರೂಢಿ ಐತೆ" ಎಂದರು. ಸಮಯ ಉಳಿಸುವುದಕ್ಕಿರಬೇಕು ಎಂದುಕೊಂಡು ಒಂದು ವಾರ ನಾನೂ ಹಾಗೇ ಎಳೆದೆ. ನನ್ನ ಪೆನ್ನಿನದು ಹಸಿರು ಶಾಯಿ. ಪುಟ ನೋಡಿದರೆ ನನಗೇ ಖುಷಿಯಾಗುತ್ತಿತ್ತು.

ಎರಡನೇ ವಾರ ವರದಿಗೆಂದು ಮಧ್ಯಾಹ್ನ ತಲೆ ಎಣಿಸಿದೆ. ಹತ್ತೊಂಬತ್ತು. ಮರುದಿನವೂ ಅಷ್ಟೇ. ಹನ್ನೆರಡು ಮಕ್ಕಳು ಊಟಕ್ಕೆ ಹೋದವರು ಬರುತ್ತಲೇ ಇರಲಿಲ್ಲ. ಗೋಡೆಯ ವೇಳಾಪಟ್ಟಿಯಲ್ಲಿ ಸಮಾಜ ಪರಿಚಯವೆಂದಿದ್ದ ಬೆಳಗಿನ ಅವಧಿಯಲ್ಲಿ ಹೆಡ್ ಮೇಷ್ಟ್ರು ಲೆಕ್ಕ ಮಾಡಿಸುತ್ತಿದ್ದರು. ಮಧ್ಯಾಹ್ನವೆಲ್ಲ ಹಾಡು, ಚಿತ್ರ, ಕೈತೋಟ. ಶಾಲೆ ಬಿಟ್ಟಮೇಲೆ ಅವರು ಕೇರಿಯ ಕಟ್ಟೆಯ ಮೇಲೆ ಕೂತು ಹರಟುವುದನ್ನೂ ಕಂಡಿದ್ದೆ.

ನನಗೆ ಆಗ ಇಪ್ಪತ್ತು ವರ್ಷ. ನ್ಯಾಯಾಧೀಶರ ಕುರ್ಚಿಯಲ್ಲಿ ಕೂತವಳ ಹಾಗೆ ಬರೆದೆ. ಹಾಜರಿ ಸುಳ್ಳು, ವೇಳಾಪಟ್ಟಿ ಪಾಲನೆಯಿಲ್ಲ, ಕೆಲಸದ ಹಂಚಿಕೆ ಅಸ್ತವ್ಯಸ್ತ, ಊರಿನ ಸಂಬಂಧ ಕೇವಲ ಹರಟೆಯ ಮಟ್ಟದ್ದು. ಬರೆದು ಮುಗಿಸಿದಮೇಲೆ ತಿಳಿಯಿತು, ಇದಕ್ಕೆ ಸಹಿ ಹಾಕಬೇಕಾದವರು ಅವರೇ. ಆದರೂ ಕೊಟ್ಟೆ.

ಅವರು ಎರಡು ದಿನ ಅದನ್ನು ಹಾಗೇ ಇಟ್ಟುಕೊಂಡರು. ಇನ್ನು ಉಳಿದಿದ್ದು ನಾಲ್ಕು ದಿನ. ಸಹಿ ಇಲ್ಲದೆ ಹೋದರೆ ಒಂದು ವರ್ಷ ಮಣ್ಣುಪಾಲು. ಹೊನ್ನಾಳಿಯ ಮೇಷ್ಟ್ರು ನನ್ನ ಮುಖ ನೋಡುವುದನ್ನೇ ಬಿಟ್ಟರು.

ಮೂರನೇ ದಿನ ಮಧ್ಯಾಹ್ನ ಹೆಡ್ ಮೇಷ್ಟ್ರು ಕರೆದರು. ಮೇಜಿನ ಮೇಲೆ ನನ್ನ ವರದಿ, ಪಕ್ಕದಲ್ಲಿ ಹಾಜರಿ ಪುಸ್ತಕ. ಒಂದು ಪುಟ ತೆರೆದು ನನ್ನ ಕಡೆ ತಿರುಗಿಸಿದರು.

"ಈ ಹಸಿರು ಗೀಟು ಯಾರ್ದಮ್ಮ?"

ಸುಳ್ಳು ಹಾಜರಿ ಎಂದು ನಾನು ಬರೆದ ವರದಿಯಲ್ಲಿ ನನ್ನ ಗೀಟಿನ ಸುದ್ದಿಯೇ ಇರಲಿಲ್ಲ.

"ಬೈಯಾಕೆ ಕರೀಲಿಲ್ಲ. ಬಾ" ಎಂದು ಎದ್ದರು.

ಕರೆದುಕೊಂಡು ಹೋದದ್ದು ಹತ್ತಿ ಹೊಲಕ್ಕೆ. ನನ್ನ ಹನ್ನೆರಡು ಮಕ್ಕಳೂ ಅಲ್ಲಿದ್ದರು. ಉಡಿ ಕಟ್ಟಿಕೊಂಡು ಅಮ್ಮಂದಿರ ಹಿಂದೆ ಹತ್ತಿ ಬಿಡಿಸುತ್ತಿದ್ದರು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕಂಡವಳೇ ಓಡಿಬಂದಳು. ಕೂದಲಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. "ಟೀಚರ್, ಹಾಜ್ರಿ ಹಾಕೀರಲ್ರೀ? ನನ್ನ ಫೇಲ್ ಮಾಡಬ್ಯಾಡ್ರಿ" ಎಂದಳು.

ಹಿಂತಿರುಗುವಾಗ ಮೇಷ್ಟ್ರು ಹೇಳಿದರು. "ಮೊದ್ಲು ಇವ್ರು ಇಡೀ ದಿನ ಬರ್ತಿರಲಿಲ್ಲ. ಕಟ್ಟೆ ಮ್ಯಾಲೆ ಕೂತು ಕೂತು, ಬೆಳಿಗ್ಗೆ ನನಗೆ ಬಿಡ್ರಿ, ಮಧ್ಯಾಹ್ನ ನಿಮಗೆ ಬಿಡ್ತೀನಿ ಅಂತ ಇವ್ರ ಅಪ್ಪ ಅವ್ವನ್ನ ಒಪ್ಪಿಸಿದೆ. ಅದಕ್ಕೇ ಲೆಕ್ಕ, ಕನ್ನಡ ಎಲ್ಲಾ ಬೆಳಿಗ್ಗೆ. ಈಗ ಹತ್ತಿ, ಆಮ್ಯಾಲೆ ಮೆಣಸಿನಕಾಯಿ, ಶೇಂಗಾ. ಅರ್ಧ ದಿನ ಅಂತ ಬರದ್ರೆ ವರ್ಷದ ಹಾಜರಿ ಸಾಲಲ್ಲ, ಪಾಸು ಮಾಡೋ ಹಂಗಿಲ್ಲ. ಫೇಲಾದ ಹುಡುಗೀನ ಯಾವ ಅಪ್ಪ ತಿರುಗಿ ಕಳಿಸ್ತಾನೆ?"

ವರದಿಯ ನಾಲ್ಕು ಅಧ್ಯಾಯಗಳಲ್ಲಿ ನಾಲ್ಕು ತಪ್ಪು ಎಂದು ಬರೆದದ್ದೆಲ್ಲ ಒಂದೇ ಸಂಗತಿಯಾಗಿತ್ತು. ನನಗೆ ಅಳು ಬಂತು. "ಆ ಪುಟಗಳನ್ನ ಹರಿದು ಹಾಕ್ತೀನಿ ಸಾರ್" ಎಂದೆ.

"ಬ್ಯಾಡ. ಕಂಡಿದ್ದನ್ನ ಬರದೀಯ. ಯಾಕೆ ಅನ್ನೋದನ್ನೂ ಸೇರಿಸು. ನಿನ್ನ ಗೀಟನ್ನೂ ಸೇರಿಸು."

ಆ ದಿನ ಕೂತು ಪೂರ್ತಿ ಹೊಸದಾಗಿ ಬರೆದೆ. ಹತ್ತಿ ಹೊಲ, ಕಟ್ಟೆಯ ಒಪ್ಪಂದ, ಬದಲಾದ ವೇಳಾಪಟ್ಟಿ, ಹಸಿರು ಗೀಟು, ಒಂದನ್ನೂ ಬಿಡಲಿಲ್ಲ. ಅವರು ನಿಧಾನವಾಗಿ ಓದಿ ಕೊನೆಯಲ್ಲಿ, 'ಮೇಲಿನದೆಲ್ಲ ನಿಜ. ಮಧ್ಯಾಹ್ನದ ಹಾಜರಿಯ ಹೊಣೆ ಪೂರ್ತಿ ನನ್ನದು, ಪ್ರಶಿಕ್ಷಣಾರ್ಥಿಯದಲ್ಲ' ಎಂದು ಬರೆದು ಸಹಿ ಮಾಡಿದರು. ಆ ಎರಡು ಸಾಲು ಬೇಡವೆನ್ನಬೇಕೆಂದು ನನಗೆ ಹೊಳೆಯಲೇ ಇಲ್ಲ. ಸಹಿ ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ ಬಸ್ಸು ಹತ್ತಿದೆ.

ನಮ್ಮ ಉಪನ್ಯಾಸಕರು ಆ ವರದಿಯನ್ನು ತಲೆಯ ಮೇಲೆ ಹೊತ್ತುಕೊಂಡರು. ಐವತ್ತಕ್ಕೆ ನಲವತ್ತೇಳು. ಕಾಲೇಜಿನಲ್ಲಿ ನಡೆದ ಸಭೆಯೊಂದರಲ್ಲಿ, ಮಾದರಿ ವರದಿ ಎಂದು ಅದನ್ನು ಗಟ್ಟಿಯಾಗಿ ಓದಿದರು. ಶಾಲೆಯ ಹೆಸರು ಮೊದಲ ಪುಟದಲ್ಲೇ ಇತ್ತು. ಮುಂದಿನ ಸಾಲಿನಲ್ಲಿ ಇಲಾಖೆಯ ಅಧಿಕಾರಿಗಳು ಕೂತಿದ್ದರು. ಅವರಲ್ಲೊಬ್ಬರು ಚಪ್ಪಾಳೆ ತಟ್ಟಲಿಲ್ಲ, ಜೇಬಿನಿಂದ ಪೆನ್ನು ತೆಗೆದು ಏನೋ ಬರೆದುಕೊಂಡರು. ಅದು ಶಾಲೆಯ ಹೆಸರೇ ಇರಬೇಕೆಂದು ಅಭಿಮಾನದಿಂದ ನಿಂತಿದ್ದ ನನಗೆ ಆಗ ಹೊಳೆಯಿತು.

ಪರೀಕ್ಷೆ ಮುಗಿದು ಒಂದೆರಡು ತಿಂಗಳಾಗಿರಬೇಕು. ಹೊನ್ನಾಳಿಯ ಬಸ್ ನಿಲ್ದಾಣದಲ್ಲಿ ಹೆಡ್ ಮೇಷ್ಟ್ರು ಸಿಕ್ಕರು. ಟ್ರಂಕು, ಹಾಸಿಗೆ ಸುರುಳಿ ಸಮೇತ ನಿಂತಿದ್ದರು. ಜಗಳೂರು ತಾಲ್ಲೂಕಿನ ಕೊನೆಯ ಊರೊಂದಕ್ಕೆ ವರ್ಗವಾಗಿತ್ತು. ಯಾಕೆಂದು ಅವರು ಹೇಳಲಿಲ್ಲ, ನನಗೆ ಕೇಳಬೇಕಾಗಿಯೂ ಇರಲಿಲ್ಲ.

"ಮಕ್ಕಳು?" ಎಂದೆ.

"ಹಾಜರಿ ತಿದ್ದಿಸಿದ್ರು. ಹನ್ನೆರಡೂ ಅದೇ ಕ್ಲಾಸ್‌ನಾಗೆ ಉಳಿದ್ವು. ಈಗ ಐದು ಮಕ್ಕಳು ಮಾತ್ರ ಬರ್ತಾವಂತೆ."

"ಆ ಹುಡುಗಿ?"

ಅವರು ಬಸ್ಸು ಬರುವ ದಿಕ್ಕಿಗೆ ನೋಡಿದರು. "ಇಲ್ಲಮ್ಮ" ಎಂದರು.

ನನ್ನಿಂದ ತಪ್ಪಾಯಿತೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸು ಬಂತು. ಟ್ರಂಕು ಎತ್ತಿಕೊಡಲು ಹೋದರೆ ಬೇಡವೆಂದು ತಾವೇ ಎತ್ತಿಕೊಂಡರು. ಕಿಟಕಿ ಪಕ್ಕ ಕೂತು, ಏನೋ ನೆನಪಾದವರಂತೆ ತಲೆ ಹೊರಗೆ ಹಾಕಿದರು. ಮುಖದಲ್ಲಿ ತಿಳಿಯುವ ನಿಜವಾದ ಆಸೆಯಿತ್ತು, ನನ್ನಪ್ಪ ರಿಸಲ್ಟಿನ ದಿನ ಕೇಳಿದ್ದೂ ಹಾಗೆಯೇ.

"ಅಂದಂಗೆ, ವರದಿಗೆ ಎಷ್ಟು ಮಾರ್ಕ್ಸ್ ಕೊಟ್ರಮ್ಮ?"

ನಲವತ್ತೇಳು ಎಂದು ಹೇಳಲು ನನ್ನಿಂದ ಆಗಲಿಲ್ಲ. ಪಾಸಾಯಿತು ಸಾರ್ ಎಂದಷ್ಟೇ ಹೇಳಿದೆ.