ಹೂದೋಟ ಕೇಳಿ ಬರೆದ ಪತ್ರ

ದಾವಣಗೆರೆಯ ಆವರಗೆರೆ ಕಡೆಯ ಅಪಾರ್ಟ್‌ಮೆಂಟಿನಲ್ಲಿ ನಾವು ಮನೆ ಕೊಂಡದ್ದೇ ಹೂದೋಟದ ಆಸೆಗೆ. ನನ್ನ ಹೆಂಡತಿಗೆ ಲಕ್ವ ಹೊಡೆದು ಎಡಗಾಲು ಸೋತಿತ್ತು. ದಿನಾ ಸಮತಟ್ಟು ಜಾಗದಲ್ಲಿ ನಡೆಸಿ ಎಂದಿದ್ದರು ಡಾಕ್ಟರು. ಬಿಲ್ಡರ್ ಕೊಟ್ಟ ಬಣ್ಣದ ಕರಪತ್ರದಲ್ಲಿ ಹುಲ್ಲುಹಾಸು, ಅದರ ಸುತ್ತ ನಡೆಯುವ ದಾರಿ, ಮೂಲೆಯಲ್ಲಿ ಕ್ಲಬ್ ಹೌಸ್ ಎಲ್ಲ ಇದ್ದವು.

ನಾವು ಬಂದು ಒಂದೂವರೆ ವರ್ಷವಾದರೂ ಕ್ಲಬ್ ಹೌಸ್ ಅಂದರೆ ಆರು ಬೋಳು ಕಂಬ, ಹೂದೋಟ ಅಂದರೆ ಜಲ್ಲಿಯ ರಾಶಿ. ನಾನು ಡ್ಯೂಟಿಗೆ ಹೋಗಿದ್ದ ಒಂದು ದಿನ ಅವಳು ಒಬ್ಬಳೇ ಕೆಳಗಿಳಿದು ನಡೆಯಲು ಹೋಗಿ, ಜಲ್ಲಿ ಮೇಲೆ ಬಿದ್ದು ಮುಂಗೈ ಮುರಿದುಕೊಂಡಳು.

ಮಾರನೆಯ ದಿನವೇ ಬಿಲ್ಡರನಿಗೆ ಪತ್ರ ಬರೆದೆ. ಎದುರು ಮನೆಯವರು ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಓದಿ ನೋಡಿ ಹೇಳಿದರು: "ಇದರಾಗೆ ಬೇಡ್ಕೊಳ್ಳೋದೇ ಜಾಸ್ತಿ ಐತ್ರಿ. ಕಣ್ಣೀರು ಬ್ಯಾಡ. ಕರಾರಿನಾಗೆ ಏನೇನು ಕೊಡ್ತೀನಿ ಅಂದಾನ, ಯಾವಾಗ ಅಂದಾನ, ಅಷ್ಟೇ ಬರೀರಿ. ಗಡುವು ಹಾಕ್ರಿ."

ಹಾಗೇ ತಿದ್ದಿ ಬರೆದೆ. ಮೂವತ್ತು ದಿನದೊಳಗೆ ಕೆಲಸ ಶುರುವಾಗದಿದ್ದರೆ ಗ್ರಾಹಕರ ವೇದಿಕೆಗೆ ಹೋಗುತ್ತೇವೆಂದು ಸೇರಿಸಿದೆ. ಹದಿನಾಲ್ಕು ಮನೆಯವರ ಸಹಿ, ಕರಾರಿನ ಮತ್ತು ಕರಪತ್ರದ ಜೆರಾಕ್ಸ್ ಲಗತ್ತಿಸಿ, ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ವಾರದೊಳಗೆ ಸ್ವೀಕೃತಿ ಚೀಟಿ ಸಹಿಯಾಗಿ ಬಂತು. ಉತ್ತರ ಬರಲಿಲ್ಲ.

ಗಡುವು ಮುಗಿದ ಮೇಲೆ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಅಲ್ಲಿ ಬಿಲ್ಡರನ ಹೊಸ ಆಫೀಸಿತ್ತು. ನನ್ನ ಪತ್ರ ಅವನ ಮೇಜಿನ ಮೇಲೇ ಇತ್ತು.

"ಕೂಡ್ರಿ. ಕ್ಲಬ್ ಹೌಸ್ ತಗೊಂಡು ನೀವೇನು ಇಸ್ಪೀಟ್ ಆಡ್ತೀರೇನ್ರಿ?"

"ನನಗೆ ಕ್ಲಬ್ ಹೌಸ್ ಬ್ಯಾಡ್ರಿ. ನಡೆಯೋ ದಾರಿ ಅಷ್ಟಾದ್ರೂ ಮಾಡಿಕೊಡ್ರಿ. ಮನೆಯಾಕಿ ಬಿದ್ದು ಕೈ ಮುರ್ಕೊಂಡಾಳ." ಕಣ್ಣೀರು ಬ್ಯಾಡ ಎಂದಿದ್ದ ಹಿರಿಯರ ಮಾತು ಮರೆತು ಕೈ ಮುಗಿದುಬಿಟ್ಟೆ.

"ನೋಡಾಣ ತಗೋರಿ," ಎಂದು ಫೋನ್ ಎತ್ತಿಕೊಂಡ.

ಅವನ ಹಿಂದಿನ ಗೋಡೆಯ ಮೇಲೆ ನಮ್ಮದೇ ನಿವೇಶನದ ಹೊಸ ನಕ್ಷೆ ಇತ್ತು. ಹೂದೋಟ ಇರಬೇಕಾದಲ್ಲಿ ಇನ್ನೊಂದು ಬ್ಲಾಕ್ ಎಂದು ಬರೆದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಗ ದಾವಣಗೆರೆಯ ಎರಡು ಬಸ್ಸು ಹೋದವು. ಹತ್ತಲಿಲ್ಲ. ಹೆಂಡತಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿತ್ತು.

ಮನೆಗೆ ಬಂದು ಕಂಡದ್ದನ್ನೇ ಹೇಳಿದೆ. ಅವಳು "ಕೇಸು ಹಾಕ್ರಿ," ಎಂದಳು.

ಎದುರು ಮನೆಯವರ ಜೊತೆ ಹೋಗಿ ಜಿಲ್ಲಾ ಗ್ರಾಹಕರ ವೇದಿಕೆಯಲ್ಲಿ ದೂರು ಕೊಟ್ಟೆವು. ಪತ್ರದ ನಕಲನ್ನೂ ಸ್ವೀಕೃತಿ ಚೀಟಿಯನ್ನೂ ಜೋಡಿಸಿದೆವು. ಪತ್ರವೇ ತಲುಪಿಲ್ಲ ಎಂದು ಅವನ ವಕೀಲ ವಾದಿಸಿದಾಗ ಆ ಚೀಟಿಯೇ ನಮ್ಮನ್ನು ಕಾಪಾಡಿತು. ವಾಯಿದೆ ಮೇಲೆ ವಾಯಿದೆ ಬಿದ್ದು, ವರ್ಷ ಕಳೆದ ಮೇಲೆ ನಮ್ಮ ಪರವಾಗಿ ಆದೇಶವಾಯಿತು. ಹೊಸ ಬ್ಲಾಕ್ ಏಳಲಿಲ್ಲ. ದಾರಿಯಾಯಿತು, ಹುಲ್ಲೂ ಬಂತು. ಕ್ಲಬ್ ಹೌಸ್ ಕಟ್ಟಲಾರೆನೆಂದು ಅವನು ಮೇಲಿನ ಆಯೋಗಕ್ಕೆ ಅಪೀಲು ಹೋದ.

ಅಷ್ಟರಲ್ಲಿ ಹೆಂಡತಿಯ ಕಾಲು ಪೂರ್ತಿ ಬಿಗಿದಿತ್ತು. ಇಬ್ಬರು ಹಿಡಿದು ಕೆಳಗಿಳಿಸಿದೆವು. ನಾಲ್ಕು ಹೆಜ್ಜೆ ಇಟ್ಟು, "ಸಾಕ್ರಿ, ಕುರ್ಚಿ ಹಾಕ್ರಿ," ಎಂದಳು.