ಆರನೇ ಮನೆಯ ನಾಲ್ಕು ತಿಂಗಳು

ಶಿಗ್ಗಾಂವಿಯ ನಮ್ಮ ಹನ್ನೆರಡು ಮನೆಗಳ ಅಪಾರ್ಟ್‌ಮೆಂಟಿಗೆ ನಾನು ಕಾರ್ಯದರ್ಶಿ. ಒಂದನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಮೇಂಟೆನೆನ್ಸ್ ನೋಟಿಸು ವಾಟ್ಸ್‌ಆ್ಯಪ್ ಗ್ರೂಪಿಗೆ ತಾನಾಗಿಯೇ ಹೋಗುವಂತೆ ಮೊಬೈಲಿನಲ್ಲಿ ಮೊದಲೇ ಹೊಂದಿಸಿಡುತ್ತಿದ್ದೆ. ಹತ್ತನೇ ತಾರೀಖಿನೊಳಗೆ ಕಟ್ಟಬೇಕೆಂಬ ಸೂಚನೆಯ ಕೆಳಗೆ ಹಳೆಯ ಬಾಕಿಯ ಪಟ್ಟಿಯೂ ಇರುತ್ತಿತ್ತು.

ಗ್ರೂಪಿನಲ್ಲಿ ಮನೆಗೊಬ್ಬರಂತೆ ಗಂಡಸರೇ ಇದ್ದರು. ನೀರು ಬರುವ ಹೊತ್ತು ತಿಳಿಯಬೇಕೆಂದು ಆರನೇ ಮನೆಯ ಅಕ್ಕ ಕೇಳಿಕೊಂಡಾಗ ಅವರನ್ನೂ ಸೇರಿಸಿದೆ. ಮರುದಿನವೇ ಒಂದನೇ ತಾರೀಖು.

ಒಂಬತ್ತು ಹೊಡೆದು ಐದು ನಿಮಿಷಕ್ಕೆ ಅಕ್ಕ ಮೊಬೈಲು ಹಿಡಿದು ನಮ್ಮ ಬಾಗಿಲಿಗೆ ಬಂದರು. ಮುಖ ಬಿಳಿಚಿಕೊಂಡಿತ್ತು.

"ನಾಕ ತಿಂಗಳ ಬಾಕಿ ಅಂತ ಬಂದೈತಲ್ರಿ! ಹೊಲಿಗಿ ರೊಕ್ಕದಾಗ ತಿಂಗಳಾ ಇವರ ಕೈಯಾಗ ಕೊಟ್ಟೇನ್ರಿ ನಾನು."

ಪಗಾರ ತಡವಾಯಿತೆಂದು ಅವರ ಗಂಡ ಪ್ರತಿ ಸಲ ಹೇಳಿದ್ದನ್ನು ನಾನು ನಂಬಿದ್ದೆ. ಹಿಂದೆಯೇ ಬಂದ ಆತ ತಲೆ ತಗ್ಗಿಸಿ ನಿಂತ.

"ಎಲ್ಲಿ ಹೋತ್ರಿ ರೊಕ್ಕ?" ಅಕ್ಕ ಕೇಳಿದರು.

"ಮೊಬೈಲ್ ಆಟದಾಗ ಹೋತು," ಎಂದ.

ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕುಳಿತರು. ನನ್ನ ಕಡೆ ತಿರುಗಿ, "ಪಟ್ಟಿ ಪ್ರತಿ ತಿಂಗಳಾ ಬರ್ತಿತ್ತೇನ್ರಿ? ಎಲ್ಲಾರಿಗೂ ಗೊತ್ತಿತ್ತೇನ್ರಿ?" ಎಂದರು.

ಹೌದು ಎಂದೆ.

ಆ ತಿಂಗಳಿಂದ ಅಕ್ಕ ತಾವೇ ಬಂದು ಹಣ ಕಟ್ಟಿ, ರಸೀದಿ ಓದಿ ನೋಡಿ ಒಯ್ಯುತ್ತಾರೆ.