ವಾಪಸು ಬಂದ ಮೂರನೇ ಮಷಿನ್

ಎದುರಿಗೆ ಎಲ್ಲರೂ ಅವಳನ್ನು ಲೆಕ್ಕದಕ್ಕ ಎನ್ನುತ್ತಿದ್ದರು. ಬೆನ್ನ ಹಿಂದೆ ಅನುಮಾನದಕ್ಕ. ಎರಡೂ ಹೆಸರು ಅವಳಿಗೆ ಗೊತ್ತಿತ್ತು, ಎರಡಕ್ಕೂ ಬೇಸರವಿರಲಿಲ್ಲ. ತರಕಾರಿಯವಳು ತೂಕದ ಮೇಲೆ ಒಂದು ಬದನೆಕಾಯಿ ಹೆಚ್ಚು ಹಾಕಿದರೆ, ಸಂತೋಷಪಡುವುದು ಬಿಟ್ಟು ಅದನ್ನು ತಿರುಗಿಸಿ ಹುಳುಕಿದೆಯೇ ಎಂದು ನೋಡುವ ಜಾತಿ ಅದು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಮಾತನ್ನು ಅವಳಷ್ಟು ಪಾಲಿಸಿದವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ.

ಅವಳು ಲೆಕ್ಕ ಬರೆಯುತ್ತಿದ್ದ ಅಂಗಡಿ ಹೊಲಿಗೆ ಮಷಿನ್, ಫ್ರಿಜ್ಜು, ಬಟ್ಟೆ ಒಗೆಯುವ ಮಷಿನ್‌ಗಳನ್ನು ಕಂತಿನ ಮೇಲೆ ಕೊಡುತ್ತಿತ್ತು. ಮುಂಗಡ ಕೊಟ್ಟು ಸಾಮಾನು ಮನೆಗೆ ಒಯ್ಯಬಹುದು, ಬಳಸಬಹುದು. ಆದರೆ ಕೊನೆಯ ಕಂತು ಕಟ್ಟುವ ತನಕ ಅದು ಅಂಗಡಿಯದ್ದೇ. ಹಾಗಾಗಿ ಇದು ಬರೀ ಸಾಲದ ಮಾರಾಟವಲ್ಲ, ಒಂದೊಂದು ಮಷಿನ್ನಿಗೂ ಅದರ ಮೈಮೇಲಿನ ನಂಬರಿನ ಸಮೇತ ಬೇರೆ ಪುಟ. ಕಂತು ಬಂದಾಗಲೆಲ್ಲ ಅದನ್ನು ಒಡೆದು, ಇಷ್ಟು ಬಡ್ಡಿಗೆ, ಇಷ್ಟು ಅಸಲು ಬೆಲೆಗೆ ಎಂದು ಬರೆಯುತ್ತಿದ್ದಳು. ಮುಂದಿನ ತಿಂಗಳುಗಳ ಬಡ್ಡಿಯನ್ನೂ ಈಗಲೇ ಲಾಭಕ್ಕೆ ಸೇರಿಸಬಾರದೇ ಎಂದು ಯಜಮಾನರು ಒಮ್ಮೆ ಕೇಳಿದ್ದಕ್ಕೆ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋ ಕೆಲಸ ನನ್ನಿಂದ ಆಗಲ್ಲ ಸಾರ್" ಎಂದಿದ್ದಳು.

ಮೂರು ಕಂತು ತಪ್ಪಿದರೆ ನೋಟೀಸು. ಅದಕ್ಕೂ ಉತ್ತರ ಬಾರದಿದ್ದರೆ ವಸೂಲಿಯವನು ಗಾಡಿ ತೆಗೆದುಕೊಂಡು ಹೋಗಿ ಸಾಮಾನು ಎತ್ತಿ ತರುತ್ತಾನೆ. ಆಗ ಅದು ಇವತ್ತಿಗೆ ಎಷ್ಟು ಬಾಳುತ್ತದೋ ಅಷ್ಟಕ್ಕೆ ವಾಪಸು ಸಾಮಾನಿನ ಖಾತೆಗೆ ಹತ್ತಿಸಿ, ಗಿರಾಕಿಯ ಪುಟ ಮುಚ್ಚಿ, ಬಾಕಿಗೂ ಬೆಲೆಗೂ ಇರುವ ಅಂತರವನ್ನು ನಷ್ಟವೆಂದು ಬರೆಯಬೇಕು. ಆ ಬೆಲೆ ಕಟ್ಟುವವರು ಯಾರು? ಎತ್ತಿ ತಂದವನೇ. ಆ ಅಂಗಡಿಯಲ್ಲಿ ಹಾಗೇ ನಡೆದುಬಂದಿತ್ತು. ಊರನ್ನೆಲ್ಲ ಅನುಮಾನಿಸುವ ಹೆಂಗಸು ಈ ಒಂದು ತೂತನ್ನು ಯಾಕೆ ಕಾಣಲಿಲ್ಲ ಎಂದರೆ, ವಸೂಲಿಯವನು ಅವಳ ಒಡಹುಟ್ಟಿದ ತಮ್ಮ.

ತಾಯಿ ತೀರಿಕೊಂಡಾಗ ಅವನಿಗೆ ಚಡ್ಡಿಯ ಲಾಡಿ ಕಟ್ಟಿಕೊಳ್ಳಲೂ ಬರುತ್ತಿರಲಿಲ್ಲ. ತಲೆ ಬಾಚಿ, ಉಣಿಸಿ, ಓದಿಸಿ, ಓದು ಹತ್ತದಿದ್ದಾಗ ಯಜಮಾನರ ಮುಂದೆ ನಿಂತು ಕೆಲಸ ಕೊಡಿಸಿದ್ದಳು. "ಇವನಿಗೆ ನಾನು ಜವಾಬ್ದಾರಿ" ಎಂದು ಸಹಿಯನ್ನೂ ಹಾಕಿದ್ದಳು. ಅವನು ಪಕ್ಕದ ಓಣಿಯಲ್ಲಿ ಕೋಣೆ ಮಾಡಿಕೊಂಡಿದ್ದರೂ ರಾತ್ರಿಯೂಟ ಅಕ್ಕನ ಮನೆಯಲ್ಲೇ.

ಆ ದಿನ ಗೋದಾಮಿಗೆ ಒಂದು ಹೊಲಿಗೆ ಮಷಿನ್ ಬಂತು. ಇತ್ತೀಚೆಗೆ ವಾಪಸು ಬಂದ ಹೊಲಿಗೆ ಮಷಿನ್‌ಗಳಲ್ಲಿ ಇದು ಮೂರನೆಯದು. ಜೊತೆಗೆ ತಮ್ಮನ ಚೀಟಿ: ಮೋಟಾರು ಸುಟ್ಟಿದೆ, ತುಕ್ಕು ಹಿಡಿದಿದೆ, ಬೆಲೆ ಎರಡು ಸಾವಿರ. ಗಿರಾಕಿಯ ಬಾಕಿ ಎಂಟು ಸಾವಿರದ ಚಿಲ್ಲರೆ. ನಂಬರು ಹೊಂದಿಸಿ ನೋಡಲು ಅವಳು ಗೋದಾಮಿಗೆ ಹೋದಳು.

ಎತ್ತಿ ತಂದ ಮಷಿನ್ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು ಸಿಕ್ಕಿಕೊಂಡಿರುತ್ತದೆ, ಡ್ರಾಯರಿನಲ್ಲಿ ಗುಂಡಿ, ಕತ್ತರಿ, ಮಕ್ಕಳ ಬಳಪ. ಜಗಳದ ನಡುವೆ ಯಾರು ಜೋಪಾನ ಮಾಡುತ್ತಾರೆ? ಇದು ಹಾಗಿರಲಿಲ್ಲ. ಸೂಜಿ ಬಿಚ್ಚಿ ಕಾಗದದಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟಿದ್ದರು. ಬೆಲ್ಟು ಸಡಿಲಿಸಿದ್ದರು. ಮೈಗೆಲ್ಲ ಹಳೆಯ ಕಂಬಳಿ ಸುತ್ತಿ ಹಗ್ಗ ಬಿಗಿದಿದ್ದರು. ಕಳೆದುಕೊಳ್ಳುವವರು ಹೀಗೆ ಕಟ್ಟುವುದಿಲ್ಲ. ಮಗುವನ್ನು ನಾಲ್ಕು ದಿನ ನೆಂಟರ ಮನೆಗೆ ಕಳಿಸುವವರು ಹೀಗೆ ಕಟ್ಟುತ್ತಾರೆ. ಪ್ಲಗ್ಗು ಚುಚ್ಚಿ ಪೆಡಲ್ ಒತ್ತಿದಳು. ಸುಟ್ಟ ಮೋಟಾರು ಗುಂಯ್ ಎಂದು ಓಡಿತು.

"ಮುಂಚೆ ಬಂದ ಎರಡು ಮಷಿನ್ ಯಾರು ತಗೊಂಡ್ರೋ?" ಎಂದು ಊಟದ ಹೊತ್ತಿಗೆ ಕೇಳಿದಳು.

"ಯಾರೋ ಸೆಕೆಂಡ್ ಹ್ಯಾಂಡ್ ವ್ಯಾಪಾರಿ. ಯಾಕಕ್ಕಾ, ನನ್ನ ಮೇಲೂ ಶುರು ಆಯ್ತಾ?" ತಮ್ಮ ನಕ್ಕ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಅವಳು ಇನ್ನೊಂದು ಸೌಟು ಸಾರು ಬಡಿಸಿದಳು.

ಮಾರನೆಯ ದಿನ ಆ ಗಿರಾಕಿಯ ಮನೆ ಹುಡುಕಿಕೊಂಡು ಹೋದಳು. ದರ್ಜಿ ಹೆಂಗಸು ಕಿಟಕಿಯ ಬಳಿ ಕೂತು ರವಿಕೆಗೆ ಕೈಹೊಲಿಗೆ ಹಾಕುತ್ತಿದ್ದಳು. ಅಂಗಡಿಯಿಂದ ಬಂದೆ ಎನ್ನುತ್ತಲೇ ಅವಳ ಮುಖ ಅರಳಿತು.

"ಬನ್ನಿ ಅಕ್ಕಾ. ಮಷಿನ್ ಯಾವತ್ತು ವಾಪಸ್ ಕಳಿಸ್ತೀರಾ? ಗಿರಾಕಿಗಳು ಬೈತಿದ್ದಾರೆ."

"ಕಂತು ಕಟ್ಟಿಲ್ವಲ್ಲಮ್ಮಾ ನೀವು?"

"ಅಯ್ಯೋ, ನಾನೆಲ್ಲಿ ತಪ್ಪಿಸ್ತಿದ್ದೆ? ಮೂರು ತಿಂಗಳು ಕಟ್ಟಬೇಡಿ, ನೋಟೀಸ್ ಬಂದ್ರೂ ಹೆದರಬೇಡಿ ಅಂತ ನಿಮ್ಮ ವಸೂಲಿ ಅಣ್ಣನೇ ಹೇಳಿದ್ದು. ಮಷಿನ್ ಎತ್ಕೊಂಡು ಹೋಗಿ, ಎರಡು ಸಾವಿರಕ್ಕೆ ನನಗೇ ತಂದುಕೊಡ್ತಾರಂತೆ. ಅವರ ಕೈಗೊಂದು ಸಾವಿರ. ಬಾಕಿ ಸಾಲ ಎಲ್ಲ ಹೋಯ್ತಂತೆ. ಅಂಗಡಿಯಲ್ಲಿ ಲೆಕ್ಕ ಬರೆಯೋರೂ ಅವರ ಕಡೆಯೋರೇ ಅಂತಲ್ಲ..." ದರ್ಜಿ ಹೆಂಗಸಿನ ಮಾತು ಅಲ್ಲಿಗೆ ನಿಂತಿತು. "ಅದು ನೀವೇ ಅಲ್ವಾ?"

ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿ ನೆಟ್ಟವಳು ಅವಳೇ. ದಾರಿಯುದ್ದಕ್ಕೂ ಅವಳಿಗೆ ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿತ್ತು. ಬಾಯಿ ಮುಚ್ಚಿಕೊಂಡು ಎರಡು ಸಾವಿರವೆಂದೇ ಬರೆದರೆ ತಮ್ಮ ಉಳಿಯುತ್ತಾನೆ. ನಿಜ ಬರೆದರೆ ಅವನ ಕೆಲಸ ಹೋಗುತ್ತದೆ, ಅವನು ಅಕ್ಕಾ ಎನ್ನುವುದೂ ನಿಲ್ಲಬಹುದು. ಬೇರೆ ಯಾರಿದ್ದಾರೆ ಅವಳಿಗೆ? ಆದರೂ ಅಂಗಡಿಯ ಮೆಟ್ಟಿಲು ಹತ್ತಿದವಳು ಸೀದಾ ರಿಪೇರಿಯವನನ್ನು ಕರೆದು, ಯಜಮಾನರ ಎದುರಿನಲ್ಲೇ ಮಷಿನ್ ಬಿಚ್ಚಿಸಿ ನೋಡಿಸಿದಳು. ಯಾರು ಕಣ್ಣುಮುಚ್ಚಿ ಕೊಂಡರೂ ಎಂಟು ಸಾವಿರಕ್ಕೆ ಮೋಸವಿಲ್ಲ ಎಂದ ಅವನು. ಅವಳು ಎಂಟು ಸಾವಿರವೆಂದೇ ಹತ್ತಿಸಿದಳು. ನಷ್ಟದ ಕಡೆ ಚಿಲ್ಲರೆ ಮಾತ್ರ ಉಳಿಯಿತು. ಆಮೇಲೆ ದರ್ಜಿ ಹೆಂಗಸು ಹೇಳಿದ್ದನ್ನೂ, ಹಿಂದಿನ ಎರಡು ಮಷಿನ್‌ಗಳನ್ನು ತಮ್ಮನ ಚೀಟಿಯ ಬೆಲೆಗೇ ಬರೆದುಕೊಂಡಿದ್ದನ್ನೂ ಹೇಳಿದಳು.

ಯಜಮಾನರು ಕೂಗಾಡಲಿಲ್ಲ. ದರ್ಜಿ ಹೆಂಗಸು ತಪ್ಪಿದ ಮೂರು ಕಂತು, ಗಾಡಿ ಬಾಡಿಗೆ ಕಟ್ಟಿದರೆ ಮಷಿನ್ ಕೊಟ್ಟು ಹಳೆಯ ಪುಟವನ್ನೇ ಮತ್ತೆ ತೆರೆದು ಮುಂದುವರಿಸಿ ಎಂದರು. ತಮ್ಮನನ್ನು ಕರೆಸಿದರು. ಅವನು ಚೀಟಿ ನೋಡಿದ, ಮಷಿನ್ ನೋಡಿದ, ತಲೆ ತಗ್ಗಿಸಿದ. ಆಮೇಲೆ ಯಜಮಾನರ ಕಣ್ಣು ನಿಧಾನವಾಗಿ ಲೆಕ್ಕದಕ್ಕನ ಕಡೆ ತಿರುಗಿತು.

"ಹಿಂದಿನ ಎರಡೂ ಬರೆದಿದ್ದು ನೀವೇ ಅಲ್ವೇನಮ್ಮಾ?"

"ಬರೆದಿದ್ದು ನಾನೇ ಸಾರ್. ಗೊತ್ತಿರಲಿಲ್ಲ."

"ಸಂತೆಯ ಸೊಪ್ಪನ್ನೂ ಅನುಮಾನಿಸೋ ನಿಮಗೆ ಗೊತ್ತಿರಲಿಲ್ಲ?" ಅವರು ತಮ್ಮನ ಕಡೆ ತಿರುಗಿದರು. "ನೀನು ಹೇಳಪ್ಪಾ. ನಿಮ್ಮಕ್ಕನಿಗೆ ಗೊತ್ತಿತ್ತಾ?"

ಇಲ್ಲ ಎಂದರೆ ಸಾಕಿತ್ತು. ಅವಳು ಆ ಒಂದು ಮಾತಿಗಾಗಿ ಅವನ ಬಾಯನ್ನೇ ನೋಡುತ್ತಾ ನಿಂತಳು. ಅವನು ಅಕ್ಕನನ್ನು ನೋಡಿದ, ನೆಲ ನೋಡಿದ, ಏನೂ ಹೇಳಲಿಲ್ಲ. ಯಜಮಾನರು ಕೈ ಚಾಚುವ ಮೊದಲೇ ಅವಳು ಲೆಕ್ಕದ ಪುಸ್ತಕಗಳ ಬೀರುವಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು. ಹಳೆಯ ಲೆಕ್ಕವನ್ನೆಲ್ಲ ಹೊರಗಿನವರಿಂದ ನೋಡಿಸುವ ತನಕ ಮನೆಯಲ್ಲಿರಿ ಎಂದರು ಅವರು. ತಮ್ಮನಿಗೆ ಇನ್ನು ಬರುವುದೇ ಬೇಡ ಎಂದರು.

ಸಂಜೆ ಅವಳು ಅಭ್ಯಾಸಬಲದಿಂದ ಇಬ್ಬರಿಗೆ ಅಕ್ಕಿ ಅಳೆದು ಹಾಕಿದಳು. ಅನ್ನ ಆಗುವ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಎರಡು ಸಲ ಜೋರಾಗಿ, ಒಂದು ಸಲ ಮೆಲ್ಲಗೆ. ಚಿಕ್ಕಂದಿನಿಂದ ಅವನು ತಟ್ಟುವುದೇ ಹಾಗೆ, ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಹೋಗಿ ತೆಗೆಯುತ್ತಿದ್ದುದೂ ಹಾಗೇ.

ಅವಳು ಬಾಗಿಲ ತನಕ ಬಂದು, ಚಿಲಕದ ಮೇಲೆ ಕೈಯಿಟ್ಟು ನಿಂತಳು.

"ಯಾರು?" ಎಂದು ಕೇಳಿದಳು.